ಮಗಳ ಸಿಇಟಿ ಕೌನ್ಸೆಲಿಂಗ್‌ಗೆ ರಜೆ ಬಿಡಿಬಿಡಿಯಾಗಿ ಕೇಳಿ

ಈ ಸಲ ಪಿಯುಸಿ ಮುಗಿಸಿರೋ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು, ಒಂದೇ ಸಲ ಐದು ದಿನ ರಜೆ ಹಾಕ್ಬೇಡಿ. ಕೆಇಎ ಡೇಟ್‌ಗಳು ಮುಂದೆ ಹೋಗ್ತಾನೇ ಇರುತ್ವೆ, ಆಮೇಲೆ ನಿಜವಾಗ್ಲೂ ಬೇಕಾದ ದಿನ ರಜೆನೇ ಉಳಿದಿರಲ್ಲ.

ಆಪ್ಷನ್ ಎಂಟ್ರಿ, ಅಣಕು ಫಲಿತಾಂಶ ನೋಡಿ ಆಪ್ಷನ್ ಬದಲಾಯಿಸೋದು, ಸೀಟ್ ಸಿಕ್ಕಮೇಲೆ ಅದಕ್ಕೆ ಛಾಯ್ಸ್ ಹಾಕೋದು ಎಲ್ಲಾ ಆನ್‌ಲೈನ್, ಸಂಜೆ ಮನೇಲಿ ಕೂತು ಮಾಡ್ಬಹುದು. ನಾನು ಕೇಳಿದ್ದು ಖಾಸಗಿ ಕಾಲೇಜಿನ ಇಂಟರ್‌ವ್ಯೂಗೆ ಒಂದು ದಿನ, ದಾಖಲೆ ತೋರಿಸೋಕೆ ಅರ್ಧ ದಿನ, ಸೀಟ್ ಸಿಕ್ಕಮೇಲೆ ಒರಿಜಿನಲ್ಸ್ ತಗೊಂಡು ಕಾಲೇಜಿಗೆ ಹೋಗೋಕೆ ಒಂದು ದಿನ. ಈ ಕೊನೇದಕ್ಕೆ ಡೇಟ್ ಹಾಕ್ಲಿಲ್ಲ, "ಫಲಿತಾಂಶ ಬಂದ ದಿನಾನೇ ತಿಳಿಸ್ತೀನಿ" ಅಂತ ಬರೆದೆ. ಛಾಯ್ಸ್ 1 ಹಾಕಿದ್ರೆ ಫೀಸ್ ಕಟ್ಟಿ ಕೊಟ್ಟ ಗಡುವಿನೊಳಗೆ ಸೇರ್ಲೇಬೇಕು, ಛಾಯ್ಸ್ 2 ಅಂದ್ರೆ ಈ ಸೀಟ್ ಇಟ್ಕೊಂಡು ಮುಂದಿನ ಸುತ್ತು ಕಾಯೋದು, ಅಲ್ಲಿಗೆ ಕಾಲೇಜಿಗೆ ಹೋಗೋ ದಿನಾನೂ ಮುಂದೆ ಹೋಗುತ್ತೆ, ಇದನ್ನ ಮ್ಯಾನೇಜರ್‌ಗೆ ಮೊದಲೇ ಹೇಳಿಡಿ.

ನಾನು ಅಕೌಂಟ್ಸ್‌ನಲ್ಲಿರೋದು. ಮೇಲ್‌ನಲ್ಲಿ ಬರೆದಿದ್ದು ಹೀಗೆ: "ವೆಂಡರ್ ಪೇಮೆಂಟ್ ಹಿಂದಿನ ದಿನಾನೇ ಮುಗಿಸ್ತೀನಿ, ಅರ್ಜೆಂಟ್ ಬಿಲ್ ಪಕ್ಕದ ಸೀಟಿನವರು ನೋಡ್ತಾರೆ, ಅಪ್ರೂವಲ್ ನಿಮ್ಮದು, ಮಧ್ಯಾಹ್ನ ಎರಡರ ಮೇಲೆ ಫೋನಲ್ಲಿ ಸಿಗ್ತೀನಿ." ಪಕ್ಕದವರನ್ನ ಮೊದಲು ಕೇಳಿ ಒಪ್ಪಿಸಿ ಆಮೇಲೇ ಕಳ್ಸಿದ್ದು, ಅವರ ಮಗನ ಅಡ್ಮಿಷನ್‌ಗೆ ನಾನು ನೋಡ್ಕೋತೀನಿ ಅಂತಾನೂ ಹೇಳಿದೀನಿ. ಸ್ಯಾಲರಿ ಮಾಡೋ ಎರಡು ದಿನ ಮಾತ್ರ ರಜೆ ಕೇಳಲ್ಲ ಅಂತ ನಾನೇ ಬರೆದೆ, ಅದನ್ನ ಓದಿದ್ಮೇಲೆ ಸರ್ ಬೇರೇನೂ ಕೇಳ್ಲಿಲ್ಲ.