ಕೋರಸ್‌ಗೆ ಮುಂಚಿನ ನಾಲ್ಕು ಸಾಲು

ಒಂದು ಮಳೆಹಾಡು ಬರೆದಿದ್ದೆ. ಘಟ್ಟದ ಕೆಳಗಿನಿಂದ ಬರಬೇಕಾದವರಿಗೆ ತೀರ್ಥಹಳ್ಳಿ ಕಡೆಯ ಮನೆಯೊಂದು ಕಾಯುವ ಹಾಡು. ವರ್ಸ್ ಹೀಗೆ ಶುರು:

ಸಂಜೆಯ ಬಸ್ಸಿಗೆ ಕಾದಿದೆ ಅಂಗಳ
ಸೂರಿನ ನೀರಿಗೆ ತುಂಬಿದೆ ಬಿಂದಿಗೆ

ಕೋರಸ್ "ಬಂದೇ ಬಿಟ್ಟೆ ನೀನು" ಅಂತ ಮೇಲಿನ ಸ ಹಿಡಿದು ಶುರುವಾಗುತ್ತದೆ. ಬರೀ ಕೋರಸ್ ಹಾಡಿದರೆ ಚೆನ್ನಾಗಿತ್ತು. ವರ್ಸ್ ಆದಮೇಲೆ ಹಾಡಿದರೆ ಮಾತ್ರ ಯಾಕೋ ಸಪ್ಪೆ. ಶಿವಮೊಗ್ಗದಲ್ಲಿ ನಾವು ಪ್ರಾಕ್ಟೀಸ್ ಮಾಡುವ ರೂಮಿನಲ್ಲಿ ಬೇಸ್ ನುಡಿಸುವ ಗೆಳೆಯ ಕೇಳಿ, "ಎಂತ ಮಾರಾಯ, ಬಂದವರು ಆಗಲೇ ಒಳಗೆ ಕೂತಿದ್ದ ಹಾಗಿದೆಯಲ್ಲ" ಅಂದ.

ಅವನು ಹೇಳಿದ್ದು ಸರಿ, ಮತ್ತು ಅದಕ್ಕೆ ಕಾರಣ ಕಾರ್ಡ್‌ಗಳಲ್ಲೇ ಇತ್ತು. ವರ್ಸ್‌ನಲ್ಲಿ ಜಿ, ಇ ಮೈನರ್, ಸಿ, ಡಿ, ಒಂದೊಂದು ಬಾರ್‌ಗೆ ಒಂದೊಂದು, ಹೀಗೇ ಸುತ್ತುತ್ತದೆ. ಹಾಡಿನ ಸ ಅಂದ್ರೆ ಜಿ. ಡಿ ಬಂದಾಗ ಕಿವಿ ಜಿಯನ್ನು ಬೇಡುತ್ತದೆ, ಮುಂದಿನ ಬಾರ್‌ನಲ್ಲೇ ಅದು ಸಿಕ್ಕಿಬಿಡುತ್ತದೆ. ನಾಲ್ಕು ಬಾರ್‌ಗೊಮ್ಮೆ ಮನೆಗೆ ಹೋಗಿ ಬಂದ ಕಿವಿಗೆ ಕೋರಸ್‌ನಲ್ಲಿ ಇನ್ನೊಮ್ಮೆ ಅದೇ ಜಿ ಕೊಟ್ಟರೆ ಏನು ವಿಶೇಷ? ಕೋರಸ್‌ನಲ್ಲಿ ಜೋರಾಗಿ ಹಾಡಿ ನೋಡಿದೆವು, ಡ್ರಮ್ ಏರಿಸಿ ನೋಡಿದೆವು. ಸದ್ದು ಜಾಸ್ತಿ ಆಯಿತು, ಅಷ್ಟೇ.

ಹಾಗಾಗಿ ನಡುವೆ ನಾಲ್ಕು ಬಾರ್‌ನ ಒಂದು ಪ್ರೀ-ಕೋರಸ್ ಕಟ್ಟಿದೆ. ನಮ್ಮ ಸಿನಿಮಾ ಹಾಡುಗಳಲ್ಲಿ ಸಾಮಾನ್ಯವಾಗಿ ಪಲ್ಲವಿಯೇ ಮೊದಲು ಬರುವುದರಿಂದ, ಈ ಕೆಲಸವನ್ನು ಚರಣದ ಕೊನೆಯ ಸಾಲು ಮಾಡುತ್ತದೆ, ಅದು ಎತ್ತಿಕೊಟ್ಟರೆ ಪಲ್ಲವಿ ಹಿಡಿಯುತ್ತದೆ. ವರ್ಸ್‌ನಿಂದ ಶುರುವಾಗುವ ಹಾಡಿಗೆ ಆ ಕೊನೆಯ ಸಾಲನ್ನೇ ಒಂದು ಭಾಗವಾಗಿ ಬೆಳೆಸಿದ್ದು ಅಂದುಕೊಳ್ಳಿ.

ಮೊದಲು ಹಾಕಿಕೊಂಡ ನಿಯಮ ಒಂದೇ: ಈ ನಾಲ್ಕು ಬಾರ್‌ನಲ್ಲಿ ಜಿ ಕಾರ್ಡ್ ಬರಬಾರದು. ಎ ಮೈನರ್, ಬಿ ಮೈನರ್, ಸಿ, ಡಿ ಅಂತ ಇಟ್ಟೆ. ಬೇಸ್ ಒಂದೊಂದೇ ಮೆಟ್ಟಿಲು ಏರುತ್ತದೆ, ಕೊನೆಗೆ ಡಿ ಮೇಲೆ ನಿಂತು ಜಿಗೆ ಕಾಯುತ್ತದೆ. ಹಾಡುವ ದನಿಯೂ ಜೊತೆಗೇ ಏರಬೇಕು. ಮೊದಲ ಸಾಲು ಮ ಹಿಡಿದು ಶುರು, ಎರಡನೆಯದು ಪ, ಮೂರನೆಯದು ದ, ನಾಲ್ಕನೆಯದು ನಿ. ಶಂಕರಾಭರಣದ ಸ್ವರಗಳೇ. ನಾಲ್ಕೂ ಸ್ವರ ಆಯಾ ಕಾರ್ಡ್‌ನ ಒಳಗೇ ಇವೆ, ಆದ್ದರಿಂದ ಎಲ್ಲೂ ಕರ್ಕಶ ಆಗುವುದಿಲ್ಲ. ಆದರೆ ನಿ ತಲುಪಿ ನಿಂತಾಗ, ಕೆಳಗೆ ಡಿ ಕಾರ್ಡ್ ಬೇರೆ ಇರುವಾಗ, ಸ ಬರದೆ ಸಮಾಧಾನವೇ ಇಲ್ಲ. ಆ ಸ ಕೋರಸ್‌ನ ಮೊದಲ ಅಕ್ಷರ.

ಬಿ ಮೈನರ್ ಹಿಡಿಯೋದು ಕಷ್ಟ ಅಂತ ಕೆಲವರು ಅಲ್ಲಿ ಬಿ ಬೇಸ್ ಇಟ್ಟು ಜಿ ಕಾರ್ಡ್ ನುಡಿಸುತ್ತಾರೆ. ಬೇಸ್ ಏರುವುದೇನೋ ಹಾಗೇ ಉಳಿಯುತ್ತದೆ, ಆದರೆ ಮನೆಯ ಕಾರ್ಡೇ ಒಳಗೆ ನುಸುಳಿಬಿಡುತ್ತದೆ. ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಒಂದರ ಹಿಂದೊಂದು ಕೇಳಿ, ಜಿ ಇದ್ದದ್ದು ಅಲ್ಲೇ ಸಡಿಲ ಆಗುವುದು ಗೊತ್ತಾಗುತ್ತದೆ.

ಇದಕ್ಕಾಗಿ ವರ್ಸ್ ಅನ್ನೂ ಸ್ವಲ್ಪ ಮುಟ್ಟಬೇಕಾಯಿತು. ಕೊನೆಯ ಸುತ್ತಿನಲ್ಲಿ ಡಿ ತೆಗೆದು ಸಿಯನ್ನೇ ಎರಡು ಬಾರ್ ಎಳೆದೆ. ಸಿಯಿಂದ ಎ ಮೈನರ್‌ಗೆ ಜಾರುವುದು ಸುಲಭ, ಎರಡರಲ್ಲೂ ಎರಡು ಸ್ವರ ಒಂದೇ. ವರ್ಸ್‌ನ ಮೂರನೇ ಸಾಲು ಒಂದು ಕಡೆ ದ ಮುಟ್ಟುತ್ತಿತ್ತು, ಅದನ್ನು ಪ ದಾಟದ ಹಾಗೆ ಇಳಿಸಿದೆ. ಆ ಎತ್ತರವನ್ನು ಕಿವಿ ಮೊದಲೇ ಕೇಳಿಬಿಟ್ಟಿದ್ದರೆ ಆಮೇಲೆ ಏರಿದ್ದು ಏರಿದ ಹಾಗೆ ಅನ್ನಿಸುವುದಿಲ್ಲ.

ಇಷ್ಟಾದಮೇಲೆ ಮಾತು. ನನಗೆ ಖುಷಿ ಕೊಟ್ಟಿದ್ದು ಈ ಭಾಗ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದೂ ಅಲ್ಲದೆ "ಹತ್ತಿ, ದಾಟಿ, ತಟ್ಟಿ" ಅಂತ ಎಷ್ಟು ಬೇಕಾದರೂ ಪೋಣಿಸಿಕೊಂಡು ಹೋಗಬಹುದು, ವಾಕ್ಯ ಮುಗಿಯುವುದೇ ಇಲ್ಲ, ಕೇಳುವವರು "ಆಮೇಲೆ?" ಅಂತ ಕಾಯಲೇಬೇಕು. ಹಾಗಾದರೆ ವಾಕ್ಯ ಮುಗಿಸುವ ಪದವನ್ನು ಕೋರಸ್‌ಗೇ ಇಟ್ಟರೆ?

ಘಾಟಿ ಹತ್ತಿ
ಹೊಳೆಯ ದಾಟಿ
ಕೊಡೆಯ ಮಡಚಿ
ಕದವ ತಟ್ಟಿ

ಬಂದೇ ಬಿಟ್ಟೆ ನೀನು...

"ಬಂದೇ" ಅನ್ನುವಲ್ಲಿ ವಾಕ್ಯ, ಸ್ವರ, ಕಾರ್ಡ್ ಮೂರೂ ಒಟ್ಟಿಗೆ ಮನೆ ಸೇರುತ್ತವೆ. ಇದಕ್ಕೂ ಮುಂಚೆ "ಬಾಗಿಲು ತೆರೆಯಿತು, ದೀಪ ಹೊತ್ತಿತು" ಅಂತ ಬರೆದುಕೊಂಡಿದ್ದೆ. ಅರ್ಥಕ್ಕೆ ಸರಿಯಾಗೇ ಇತ್ತು, ಆದರೆ ಪ್ರತಿ ಸಾಲೂ ತಾನೇ ಮುಗಿದು ಕೂರುತ್ತಿತ್ತು, ರಾಗ ಏರುತ್ತಿದ್ದರೂ ಮಾತು ಇಳಿಯುತ್ತಿತ್ತು.

ಮಾತ್ರೆಯ ಲೆಕ್ಕವನ್ನೂ ಬದಲಿಸಿದೆ. ವರ್ಸ್ ಪೂರ್ತಿ ನಾಲ್ಕು ನಾಲ್ಕು ಮಾತ್ರೆಯ ನಡೆ: ಸಂಜೆಯ, ಬಸ್ಸಿಗೆ, ಕಾದಿದೆ, ಅಂಗಳ. ಒಂದು ಸಾಲಿಗೆ ಎರಡು ಬಾರ್. ಪ್ರೀ-ಕೋರಸ್‌ನಲ್ಲಿ ಮೂರು ಮೂರು: ಘಾಟಿ, ಹತ್ತಿ. ಸಾಲಿಗೆ ಒಂದೇ ಬಾರ್. ಬಾರ್‌ನಲ್ಲಿ ಎಂಟು ಮಾತ್ರೆ ಇರುವುದರಿಂದ ಮೂರು, ಮೂರು ಆಗಿ ಎರಡು ಉಳಿಯುತ್ತದೆ. ಗಿಟಾರ್ ಕೂಡ ಅದೇ ಲೆಕ್ಕದಲ್ಲಿ ಒಂದು, ನಾಲ್ಕು, ಏಳನೇ ಮಾತ್ರೆಗೆ ಮಾತ್ರ ಹೊಡೆತ. ವೇಗ ನಿಮಿಷಕ್ಕೆ 84 ಬೀಟ್, ಬೀಟ್‌ಗೆ ಎರಡು ಮಾತ್ರೆ, ಅಷ್ಟರಲ್ಲೇ ಇದೆ, ಆದರೂ ಹಾಡು ಅವಸರ ಮಾಡಿದ ಹಾಗೆ ಕೇಳಿಸುತ್ತದೆ.

ಆ ಉಳಿದ ಎರಡು ಮಾತ್ರೆ ಡ್ರಮ್ ನುಡಿಸುವವನ ಪಾಲು. ಪ್ರೀ-ಕೋರಸ್ ಶುರುವಾದ ಕೂಡಲೇ ಕಿಕ್ ತೆಗೆಸಿದೆ. ಕೆಳಗಿನ ಸದ್ದು ಹೋದರೆ ನಿಂತ ನೆಲ ಜಾರಿದ ಹಾಗಾಗುತ್ತದೆ, ಕೋರಸ್‌ನಲ್ಲಿ ಅದು ವಾಪಸ್ ಬಂದಾಗ ಎರಡರಷ್ಟು ದೊಡ್ಡದಾಗಿ ಕೇಳಿಸುತ್ತದೆ. ಮೊದಲ ಎರಡು ಸಾಲಿನ ಕೊನೆಯ ಜಾಗ ಖಾಲಿ. ಮೂರನೇ ಸಾಲಿಗೆ ಸ್ನೇರ್ ಸಣ್ಣಗೆ ಶುರುವಾಗಿ ಏರುತ್ತದೆ. ನಾಲ್ಕನೇ ಸಾಲಿನಲ್ಲಿ "ತಟ್ಟಿ" ಆದಕೂಡಲೇ ಎಲ್ಲರೂ ಕೈ ಎತ್ತಬೇಕು, ಗಿಟಾರ್ ತಂತಿಯನ್ನೂ ಅಂಗೈಯಲ್ಲಿ ಅದುಮಬೇಕು, ಅಲ್ಲಿ ಏಳನೇ ಮಾತ್ರೆಯ ಹೊಡೆತವೂ ಇಲ್ಲ. ನಮ್ಮ ಡ್ರಮ್ಮರ್‌ಗೆ ಅಲ್ಲಿ ಒಂದು ರೋಲ್ ಬೇಕೇ ಬೇಕಿತ್ತು. ಬೇಡ ಅಂತ ಒಪ್ಪಿಸಲು ಪ್ರೀ-ಕೋರಸ್ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಎಂಟು ಬಾರ್‌ಗೆ ಉದ್ದ ಮಾಡಿಯೂ ನೋಡಿದೆ. ಈ ವೇಗದಲ್ಲಿ ನಾಲ್ಕು ಬಾರ್ ಅಂದರೆ ಹನ್ನೊಂದು ಸೆಕೆಂಡಿನ ಮೇಲೆ ಸ್ವಲ್ಪ, ಎಂಟು ಅಂದರೆ ಇಪ್ಪತ್ತಮೂರು. ಅಷ್ಟು ಹೊತ್ತು ಏರುತ್ತಲೇ ಇರಲು ಸ್ವರ ಎಲ್ಲಿದೆ? ಅರ್ಧಕ್ಕೆ ಮತ್ತೆ ಕೆಳಗಿಳಿದು ಹತ್ತಬೇಕು, ಆಗ ಅದು ಇನ್ನೊಂದು ವರ್ಸ್ ಆಗುತ್ತದೆ.

ಸರಿ ಕೂತಿದೆಯಾ ಅಂತ ನೋಡಲು ಎರಡು ಪರೀಕ್ಷೆ ಮಾಡುತ್ತೇನೆ. "ತಟ್ಟಿ" ಅಂತ ಹಾಡಿ ಸುಮ್ನೆ ನಿಂತುಬಿಡುವುದು, ಕೇಳುವವರು ಮುಂದಿನದಕ್ಕೆ ಕಾದು ಮುಖ ನೋಡಬೇಕು. ಇನ್ನೊಂದು, ಪ್ರೀ-ಕೋರಸ್ ಆದಮೇಲೆ ಕೋರಸ್ ಬಿಟ್ಟು ವರ್ಸ್‌ಗೆ ಹೋಗುವುದು. ಅದೂ ಸಲೀಸಾಗಿ ಕೂತರೆ ಪ್ರೀ-ಕೋರಸ್ ಯಾವ ಕಡೆಗೂ ಎಳೆಯುತ್ತಿಲ್ಲ ಅಂತ ಅರ್ಥ. ಕೋರಸ್ ಕೆಳಗಿನ ಸ ಹಿಡಿದು ಶುರುವಾಗುವ ಹಾಡಾದರೆ ನನ್ನ ಈ ಏರುವ ಉಪಾಯ ಉಪಯೋಗಕ್ಕೆ ಬರುವುದಿಲ್ಲ, ನಿ ತನಕ ಹತ್ತಿ ಒಮ್ಮೆಲೇ ಕೆಳಗೆ ಬಿದ್ದ ಹಾಗಾಗುತ್ತದೆ.

ಕೊನೆಯ ಸಲ ಬರುವಾಗ ಮಾತ್ರ "ಕದವ ತಟ್ಟಿ" ಸಾಲನ್ನು ಡಿ ಮೇಲೆಯೇ ಇನ್ನೊಂದು ಬಾರ್ ಹಾಡುತ್ತೇವೆ. ಎರಡು ಸಲ ಕೇಳಿದವರು ಅಷ್ಟರಲ್ಲಿ "ಬಂದೇ" ಅಂತ ಬಾಯಿ ತೆರೆದಿರುತ್ತಾರೆ.