ಬೇಳೆ ಮಿಲ್ಲಿನ ಸಮಾರಂಭದಲ್ಲಿ ನಾಲ್ಕು ನಿಮಿಷದ ಮಾತು

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ನಾನು ಮ್ಯಾನೇಜರ್. ಹೊಸ ತೊಗರಿ ಆವಕದ ಗದ್ದಲ ಇಳಿದ ಮೇಲೆ ವರ್ಷಕ್ಕೊಮ್ಮೆ ಕೆಲಸದವರನ್ನೂ ಅವರ ಮನೆಯವರನ್ನೂ ಕರೆದು ಊಟ ಹಾಕಿಸಿ ಬಹುಮಾನ ಕೊಡುತ್ತೇವೆ. ಬಹುಮಾನಕ್ಕೆ ಮುಂಚೆ ಮೆಚ್ಚುಗೆಯ ನಾಲ್ಕು ಮಾತು ಆಡುವುದು ನನ್ನ ಪಾಲಿನ ಕೆಲಸ. ಅದನ್ನು ಹೇಗೆ ತಯಾರು ಮಾಡಿಕೊಳ್ಳುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆ. ಮೈಕಿನಲ್ಲಿ ನಿಧಾನಕ್ಕೆ ಮಾತಾಡಿದರೆ ನಾಲ್ಕು ನಿಮಿಷಕ್ಕೆ ಮುನ್ನೂರೈವತ್ತು ಪದ ಸಾಕಾಗುತ್ತದೆ. ಅಷ್ಟರಲ್ಲಿ ಮೂವರ ಕೆಲಸವನ್ನು ಸರಿಯಾಗಿ ಹೇಳಬಹುದು, ಹತ್ತು ಜನರದ್ದು ಆಗುವುದಿಲ್ಲ. ಹತ್ತು ಜನರನ್ನು ತುರುಕಿದರೆ ಎಲ್ಲರಿಗೂ 'ಶ್ರಮಜೀವಿ', 'ನಿಷ್ಠಾವಂತ' ಅನ್ನುವ ಪದವೇ ಹಂಚಿಕೆಯಾಗುತ್ತದೆ. ಒಬ್ಬರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ವಾಕ್ಯ ಹಾಗೇ ನಿಂತರೆ, ಆ ವಾಕ್ಯವನ್ನು ನಾನು ಹೊಡೆದು ಹಾಕುತ್ತೇನೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದು ನಮಗೆಲ್ಲ ಹೆಮ್ಮೆಯೇ. ಆದರೆ ಅದು ನಮ್ಮ ಮಿಲ್ಲಿನ ಯಾರೊಬ್ಬರ ಈ ವರ್ಷದ ಕೆಲಸವೂ ಅಲ್ಲ. ಹಾಗಾಗಿ ನನ್ನ ಮಾತಿನಲ್ಲಿ ಅದಕ್ಕೆ ಜಾಗ ಇಲ್ಲ.

ಸಂಗತಿ ಹುಡುಕುವುದೇ ಇದರಲ್ಲಿ ದೊಡ್ಡ ಕೆಲಸ. ಹಾಜರಿ ಪುಸ್ತಕ ನೋಡಿದರೆ ಯಾರು ಬಂದರು ಅಂತ ಗೊತ್ತಾಗುತ್ತದೆ, ಏನು ಮಾಡಿದರು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಶಿಫ್ಟ್ ಬದಲಾಗುವ ಹೊತ್ತಿಗೆ ಚಹಾದ ಹತ್ತಿರ ನಿಂತು ಒಂದೇ ಪ್ರಶ್ನೆ ಕೇಳುತ್ತೇನೆ: "ಈ ವರ್ಷ ಯಾರು ಇರದಿದ್ರ ನಿಮ್ಮ ಕೆಲಸ ಕೆಡ್ತಿತ್ತು?" ಬೇರೆಯವರ ಬಗ್ಗೆ ಕೇಳಿದರೆ ಜನ ಬಿಚ್ಚಿ ಮಾತಾಡುತ್ತಾರೆ. "ನೀವು ಏನು ಮಾಡಿದ್ರಿ" ಅಂತ ಕೇಳಿದರೆ ಸುಮ್ನೆ ನಕ್ಕುಬಿಡುತ್ತಾರೆ.

ಕಳೆದ ಸಲದ ಒಂದು ಸಂಗತಿ ಹೇಳುತ್ತೇನೆ. ತೊಗರಿಗೆ ಎಣ್ಣೆ ಹಚ್ಚಿ ರಾತ್ರಿ ರಾಶಿ ಹಾಕಿ, ಆಮೇಲೆ ಯಾರ್ಡಿನಲ್ಲಿ ಹರವಿ ಬಿಸಿಲಿಗೆ ಒಣಗಿಸುತ್ತೇವೆ. ಒಣಗಿದ್ದು ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ, ಜಾಸ್ತಿಯಾದರೆ ಬೇಳೆ ಒಡೆದು ನುಚ್ಚಾಗುತ್ತದೆ. ನಡುವೆ ಮಳೆ ಬಿದ್ದರೆ ಕಾಳು ಉಬ್ಬುತ್ತದೆ, ಬೇಳೆಯ ಬಣ್ಣ ಹೋಗುತ್ತದೆ. ಬೇಸಿಗೆಯಲ್ಲಿ ಅಡ್ಡ ಮಳೆಯೊಂದು ಬಂತು. ಯಾರ್ಡ್ ನೋಡಿಕೊಳ್ಳುವ ಅಣ್ಣ ಮಾಲು ಉಳಿಸಿದರು. ಆಫೀಸಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಇಷ್ಟು: "ಅವರು ಇಡೀ ಯಾರ್ಡ್ ಉಳಸ್ಯಾರ್ರೀ."

ಇಷ್ಟನ್ನೇ ವೇದಿಕೆ ಮೇಲೆ ಹೇಳುವಂತಿಲ್ಲ. ಆ ದಿನ ಅಲ್ಲಿದ್ದ ಹಮಾಲರೊಬ್ಬರನ್ನು ಬೇರೆಯಾಗಿ ಕೇಳಿದೆ. ಎರಡು ವಿಷಯ ಹೊರಬಂದವು. ಗೇಟಿನ ಕಡೆಯ ಒಂದು ಸಾಲು ತೋಯ್ದೇ ಹೋಗಿತ್ತು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಚರಂಡಿ ಬಾಯಿಗೆ ಸಿಪ್ಪೆ ಕಟ್ಟಿಕೊಂಡು ನೀರು ನಿಲ್ಲುತ್ತಿತ್ತು. ಕಸ ಗುಡಿಸುವ ಅಕ್ಕ ಅದನ್ನು ಕೈಯಿಂದಲೇ ಕಿತ್ತು ನೀರು ಹೊರಗೆ ಬಿಟ್ಟಿದ್ದರು. ಈ ಮಾತು ಆಫೀಸಿನ ತನಕ ಬಂದೇ ಇರಲಿಲ್ಲ. ಅಣ್ಣನನ್ನು ಕೇಳಿದಾಗ ಅವರೇ ಹೇಳಿದರು: "ಹೌದ್ರಿ, ಆಕಿ ನೀರು ಬಿಡದಿದ್ರ ತಾಡಪತ್ರಿ ಹಾಕಿ ಏನ್ ಉಪಯೋಗ?" ಆಮೇಲೆ ಅಕ್ಕನ ಹತ್ತಿರ ಹೋಗಿ, ಮೈಕಿನಲ್ಲಿ ಹೇಳಬಹುದಾ ಅಂತ ಕೇಳಿದೆ. "ಹೇಳ್ರಿ, ಖರೆ ವೇದಿಕಿ ಮ್ಯಾಲ ಮಾತಾಡ ಅನ್ನಬ್ಯಾಡ್ರಿ" ಅಂದರು. ಈ ಒಪ್ಪಿಗೆ ಕೇಳುವುದನ್ನು ನಾನು ಯಾವತ್ತೂ ಬಿಡುವುದಿಲ್ಲ. ಮನೆಯವರ ಮುಂದೆ ಯಾವ ವಿಷಯ ಬರಬೇಕು, ಯಾವುದು ಬರಬಾರದು ಅಂತ ಅವರೇ ಹೇಳಬೇಕು.

ಹೀಗೆ ಸಿಕ್ಕಿದ್ದನ್ನು ನಮ್ಮ ಕಡೆಯ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಪುಸ್ತಕದ ಕನ್ನಡದಲ್ಲಿ ಓದಿದರೆ ಹೊಗಳಿಸಿಕೊಳ್ಳುವವರೇ ಮುದುಡಿ ಕೂರುತ್ತಾರೆ. ಅವತ್ತು ಹೇಳಿದ್ದು ಇದು. ವೇದಿಕೆ ಮೇಲೆ ಮೊದಲು ಹೆಸರು ಬಂದಿತ್ತು, ಇಲ್ಲಿ ಮಾತ್ರ ಹೆಸರು ಬಿಟ್ಟಿದ್ದೇನೆ.

"ಆ ದಿನ ಮಧ್ಯಾಹ್ನ ಬಿಸಿಲು ಚಲೋ ಇತ್ತು. ಮಳಿ ಬರ್ತದ ಅಂತ ಯಾರಿಗೂ ಅನಿಸಿರಲಿಲ್ಲ. ಗಾಳಿ ತಿರುಗಿದ್ದು ನೋಡಿದವರು ನಮ್ಮ ಯಾರ್ಡಿನ ಅಣ್ಣ ಒಬ್ಬರೇ. ಆಫೀಸಿಗಿ ಕೇಳಕೋತ ಕೂಡಲಿಲ್ಲ, ಆಗಿಂದಾಗಲೇ ರಾಶಿ ಮಾಡಸಲಾಕ ಶುರು ಮಾಡಿದ್ರು. ಗೇಟಿನ ಕಡಿ ಒಂದು ಸಾಲು ತೋಯ್ತು. ಉಳದದ್ದೆಲ್ಲ ತಾಡಪತ್ರಿ ಕೆಳಗ ಒಣಗೇ ಇತ್ತು. ರಾಶಿ ಬುಡಕ್ಕ ನೀರು ನುಗ್ಗದಂಗ ಚರಂಡಿ ಬಿಡಿಸಿದವರು ನಮ್ಮ ಅಕ್ಕ. ಆ ಮಾಲಿನ ಬ್ಯಾಳಿ ಬಣ್ಣ ಕೆಡಲಿಲ್ಲ, ಗಿರಾಕಿ ಕಡಿಂದ ಒಂದು ಚೀಲಾನೂ ವಾಪಸ್ ಬರಲಿಲ್ಲ. ಇಬ್ಬರೂ ಮುಂದ ಬರ್ರಿ."

ಒಂದು ಸಾಲು ತೋಯ್ದದ್ದನ್ನು ಬೇಕೆಂದೇ ಹೇಳಿದೆ. ಮುಂದೆ ಕೂತವರಲ್ಲಿ ಅರ್ಧ ಜನ ಅವತ್ತು ಯಾರ್ಡಿನಲ್ಲಿದ್ದವರೇ. ಇಡೀ ಯಾರ್ಡ್ ಉಳಿಯಿತು ಅಂದಿದ್ದರೆ ಅಲ್ಲೇ ಗುಸುಗುಸು ಶುರುವಾಗುತ್ತಿತ್ತು, ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತಿತ್ತು. ಇದ್ದದ್ದನ್ನು ಇದ್ದಷ್ಟೇ ಹೇಳಿದ್ದಕ್ಕೆ ಹಿಂದಿನ ಸಾಲಿನಿಂದ "ಹೌದ್ ಹೌದ್" ಅನ್ನುವ ದನಿ ಬಂತು. ನನಗೆ ಚಪ್ಪಾಳೆಗಿಂತ ಆ ದನಿ ದೊಡ್ಡದು.

ಮೂರನೆಯ ಹೆಸರು ಸಾರ್ಟೆಕ್ಸ್ ಮಷೀನಿನ ಆಪರೇಟರದ್ದು. ಅವರ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಅವರ ಮನೆಯವರಿಗಾಗಿ ಒಂದು ಸಾಲು ವಿವರಣೆ ಬೇಕಾಯಿತು: ಕಪ್ಪು ಕಾಳು ಬಂದರೆ ಮಷೀನು ಗಾಳಿ ಊದಿ ಅದನ್ನು ಆಚೆ ತಳ್ಳುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ನೀರು ಸೇರಿದರೆ ಊದುವ ಬಾಯಿಗಳು ಕಟ್ಟುತ್ತವೆ, ಕಪ್ಪು ಕಾಳು ಒಳ್ಳೆಯ ಬೇಳೆಯಲ್ಲೇ ಉಳಿಯುತ್ತದೆ. ಇವರು ಶಿಫ್ಟ್ ಶುರುವಾದ ಕೂಡಲೇ ನೀರು ಬಸಿದು, ಆಚೆ ಬಿದ್ದ ಮಾಲನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಹೇಳಿದ್ದು ಇಷ್ಟೇ. ಅವರ ಮಗಳು ಕತ್ತೆತ್ತಿ ಅಪ್ಪನನ್ನು ನೋಡಿದಳು.

ಕೆಲವು ಮಾತುಗಳನ್ನು ನಾನು ಮೈಕಿನ ಹತ್ತಿರ ತರುವುದೇ ಇಲ್ಲ. 'ಜ್ವರ ಇದ್ದರೂ ಕೆಲಸಕ್ಕೆ ಬಂದರು' ಅನ್ನುವುದು ಅದರಲ್ಲಿ ಒಂದು. ಅದನ್ನು ಹೊಗಳಿದರೆ, ನಾಳೆ ಜ್ವರ ಬಂದವರು ರಜೆ ಕೇಳಲು ಹೆದರುತ್ತಾರೆ ಅಲ್ವಾ? ಮಷೀನಿನ ಪಕ್ಕ ಜ್ವರದಲ್ಲಿ ನಿಂತರೆ ಕೈಗೇ ಅಪಾಯ. 'ನಾವೆಲ್ಲ ಒಂದೇ ಮನೆಯವರು' ಅನ್ನುವುದೂ ಬೇಡ. ಕೂಲಿಯ ಮಾತುಕತೆ ನಡೆಯುವ ಜಾಗದಲ್ಲಿ ಆ ಮಾತು ಕೇಳುವವರಿಗೆ ಚುಚ್ಚುತ್ತದೆ.

ಇನ್ನು ಹಮಾಲರು. ಅವರಿಗೆ ಕೂಲಿ ಚೀಲದ ಲೆಕ್ಕ, ಅದೂ ಅವರ ಗುಂಪಿನ ಮೇಸ್ತ್ರಿಯಾದ ಮುಕಾದಮರ ಕೈಯಿಂದ. ಹಾಗಾಗಿ ಆಫೀಸಿನ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ, ಬಹುಮಾನದ ಪಟ್ಟಿಗೂ ಬರುವುದಿಲ್ಲ. ಮುಕಾದಮರ ಹತ್ತಿರ ಕೂತು ಒಬ್ಬೊಬ್ಬರ ಹೆಸರನ್ನೂ, ಜನ ಅವರನ್ನು ಹೇಗೆ ಕರೆಯುತ್ತಾರೋ ಹಾಗೇ ಬರೆದುಕೊಳ್ಳುತ್ತೇನೆ. ಗೊತ್ತಿಲ್ಲದ ಹೆಸರನ್ನು ಅವರಿಂದಲೇ ಎರಡು ಸಲ ಹೇಳಿಸಿ ಬಾಯಿಗೆ ಕೂರಿಸಿಕೊಳ್ಳುತ್ತೇನೆ. ನಾಲ್ಕು ನಿಮಿಷದಲ್ಲಿ ಕೊನೆಯ ಒಂದು ನಿಮಿಷ ಅವರದ್ದು. ಹೊಗಳಿಕೆ ಏನೂ ಸೇರಿಸದೆ, ಲಾರಿ ತುಂಬಿಸಿದವರು ಇವರು ಅಂತ ಹೇಳಿ ಎಲ್ಲರ ಹೆಸರನ್ನೂ ಓದುತ್ತೇನೆ. ಅದು ಮುಗಿದ ಮೇಲೆಯೇ ಬಹುಮಾನ ಕೊಡಲು ಮಾಲೀಕರನ್ನು ಕರೆಯುವುದು.