ಸಾಲದ ದಾವೆಯೊಂದನ್ನು ಮಿತಾಕ್ಷರದ ಕ್ರಮದಲ್ಲಿ ನಡೆಸುವುದು ಹೇಗೆ?

ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯಗಳಲ್ಲಿಯೂ ಐತಿಹಾಸಿಕ ನಾಟಕಗಳಲ್ಲಿಯೂ ನಮ್ಮ ಪ್ರಾಚೀನ ನ್ಯಾಯಸಭೆಯ ದೃಶ್ಯ ಬಂದಾಗಲೆಲ್ಲ ಒಂದೇ ತಪ್ಪು ಮರುಕಳಿಸುವುದನ್ನು ನೋಡಿದ್ದೇನೆ. ವಾದಿ ಅಳುತ್ತಾ ಬರುತ್ತಾನೆ, ಪ್ರತಿವಾದಿ ಅಲ್ಲಗಳೆಯುತ್ತಾನೆ, ಎರಡೂ ಕಡೆಯವರು ಸಾಕ್ಷಿಗಳನ್ನು ತಂದು ನಿಲ್ಲಿಸುತ್ತಾರೆ, ಗೊಂದಲ ಹೆಚ್ಚಾದಾಗ ರಾಜನು ಎದ್ದು ನಿಂತು ಕಾದ ಕಬ್ಬಿಣ ತರಿಸುತ್ತಾನೆ. ನೋಡಲು ಚೆನ್ನಾಗಿರುತ್ತದೆ, ಆದರೆ ಶಾಸ್ತ್ರದ ಪ್ರಕಾರ ಇದರಲ್ಲಿ ಒಂದು ಹೆಜ್ಜೆಯೂ ಸರಿಯಿಲ್ಲ. ಇಂಥ ದಾವೆಯನ್ನು ಕ್ರಮವಾಗಿ ನಡೆಸಬೇಕೆನ್ನುವವರು ಯಾಜ್ಞವಲ್ಕ್ಯಸ್ಮೃತಿಯಲ್ಲಿ ವ್ಯಾಜ್ಯಗಳ ವಿಚಾರಣೆಯನ್ನು ಹೇಳುವ ವ್ಯವಹಾರಾಧ್ಯಾಯವನ್ನು ಮಿತಾಕ್ಷರ ವ್ಯಾಖ್ಯಾನದೊಂದಿಗೆ ಇಟ್ಟುಕೊಂಡು ಕೂರಬೇಕು. ಈ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು, ಕಲ್ಯಾಣ ನಗರದವನು, ಅಂದರೆ ಇಂದಿನ ಬಸವಕಲ್ಯಾಣದ ನೆಲದವನು. ಪರೀಕ್ಷೆಗೆಂದು ಮಾರುವ ಅಗ್ಗದ ಗೈಡುಗಳನ್ನು ನಂಬಬೇಡಿ. ವ್ಯಾಜ್ಯದ ವಿಷಯಗಳಾದ ಹದಿನೆಂಟು ವಿವಾದಪದಗಳ ಪಟ್ಟಿ ಕೊಟ್ಟು, ದೈವಪರೀಕ್ಷೆಗಳಾದ ದಿವ್ಯಗಳನ್ನು ವರ್ಣಿಸಿ, ನಡುವಿನ ಭಾಗವನ್ನೇ ಅವು ನುಂಗಿಬಿಡುತ್ತವೆ.

ಮೀಮಾಂಸೆಯ ಗ್ರಂಥಗಳ ರೂಢಿಯಂತೆ ನಮ್ಮ ವಾದಿಯನ್ನು ದೇವದತ್ತನೆಂದೂ ಪ್ರತಿವಾದಿಯನ್ನು ಯಜ್ಞದತ್ತನೆಂದೂ ಕರೆಯೋಣ. ದೇವದತ್ತನು ತಾನು ಕೊಟ್ಟ 100 ಪಣ ಮರಳಿ ಬಂದಿಲ್ಲ ಎನ್ನುತ್ತಾನೆ. ಕೊಡುವಾಗ ಪತ್ರ ಬರೆಸಿಲ್ಲ, ಸಾಕ್ಷಿಗಳು ಇದ್ದರು. ಬಡ್ಡಿಯ ಮಾತನ್ನು ಬದಿಗಿಡೋಣ.

ದೂರು ಬರೆಸುವುದು

ರಾಜನು ತಾನಾಗಿ ವ್ಯಾಜ್ಯ ಹುಟ್ಟಿಸುವಂತಿಲ್ಲ, ನೊಂದವನು ಬಂದು ಹೇಳಿಕೊಳ್ಳಬೇಕು. ಅವನು ಹೇಳಿದ್ದನ್ನು ಪ್ರತಿವಾದಿಯ ಎದುರಿನಲ್ಲಿಯೇ ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ ಇತ್ಯಾದಿ ಗುರುತುಗಳೊಂದಿಗೆ ಬರೆಯಬೇಕು. ಮೊದಲ ಕರಡನ್ನು ಸುಣ್ಣದ ಕಡ್ಡಿಯಂಥದರಿಂದ ಹಲಗೆಯ ಮೇಲೋ ನೆಲದ ಮೇಲೋ ಬರೆದು, ಹೆಚ್ಚುಕಡಿಮೆಗಳನ್ನು ಅಳಿಸಿ ತಿದ್ದಿ, ಆಮೇಲೆ ಪತ್ರಕ್ಕೆ ಇಳಿಸುತ್ತಿದ್ದರು. ತಿದ್ದುವ ಅವಕಾಶ ಪ್ರತಿವಾದಿಯ ಉತ್ತರ ಬರುವವರೆಗೆ ಮಾತ್ರ. ಉತ್ತರ ಬಂದ ಮೇಲೆ ದೇವದತ್ತನು ‘ನೂರಲ್ಲ, ನೂರೈವತ್ತು’ ಎಂದರೆ ಸಭೆ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಉತ್ತರವನ್ನು ಗುರುತಿಸುವುದು

ಅಣಕು ನ್ಯಾಯಾಲಯಗಳೆಲ್ಲ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಪ್ರತಿವಾದಿಯ ಉತ್ತರ ನಾಲ್ಕು ಬಗೆಯದು. ‘ಹೌದು, ಕೊಡಬೇಕು’ ಎಂದು ಒಪ್ಪಿಕೊಳ್ಳುವುದು ಸಂಪ್ರತಿಪತ್ತಿ. ‘ಇಲ್ಲ, ತೆಗೆದುಕೊಂಡೇ ಇಲ್ಲ’ ಎನ್ನುವುದು ಮಿಥ್ಯೋತ್ತರ. ‘ನನಗೆ ಗೊತ್ತಿಲ್ಲ’, ‘ಆಗ ನಾನು ಆ ಊರಿನಲ್ಲಿಯೇ ಇರಲಿಲ್ಲ’, ‘ಆಗ ನಾನಿನ್ನೂ ಹುಟ್ಟಿರಲಿಲ್ಲ’ ಎನ್ನುವುದೂ ಇದರಲ್ಲಿಯೇ ಸೇರುತ್ತದೆ. ‘ತೆಗೆದುಕೊಂಡದ್ದು ನಿಜ, ಆದರೆ ಮರಳಿಸಿದ್ದೇನೆ’ ಎಂದು ಕಾರಣ ಹೇಳುವುದು ಕಾರಣೋತ್ತರ ಅಥವಾ ಪ್ರತ್ಯವಸ್ಕಂದನ. ‘ಇದೇ ವಿಷಯದಲ್ಲಿ ಇವನು ಹಿಂದೆ ನನ್ನ ಮುಂದೆ ಸೋತಿದ್ದಾನೆ’ ಎನ್ನುವುದು ಪ್ರಾಙ್ನ್ಯಾಯ.

ಇದನ್ನು ಕೇವಲ ವರ್ಗೀಕರಣವೆಂದು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಸಾಕ್ಷಿ ತರುವ ಹೊಣೆ ಯಾರದೆಂಬುದು ಉತ್ತರದ ಬಗೆಯಿಂದಲೇ ತೀರ್ಮಾನವಾಗುತ್ತದೆ. ಯಜ್ಞದತ್ತನು ‘ತೆಗೆದುಕೊಂಡೇ ಇಲ್ಲ’ ಎಂದರೆ ಕೊಟ್ಟದ್ದನ್ನು ಸಾಧಿಸುವ ಹೊಣೆ ದೇವದತ್ತನದು, ಯಜ್ಞದತ್ತನು ಯಾರನ್ನೂ ಕರೆತರಬೇಕಾಗಿಲ್ಲ. ‘ತೆಗೆದುಕೊಂಡೆ, ಮರಳಿಸಿದೆ’ ಎಂದರೆ ಸಾಲ ಕೊಟ್ಟದ್ದು ಒಪ್ಪಿತವಾಯಿತು, ಮರಳಿಸಿದ್ದನ್ನು ಯಜ್ಞದತ್ತನೇ ಸಾಧಿಸಬೇಕು. ಹಿಂದಿನ ಗೆಲುವನ್ನು ಹೇಳುವವನ ಪಾಡೂ ಹಾಗೆಯೇ. ಒಪ್ಪಿಕೊಂಡವನ ವಿಷಯದಲ್ಲಿ ಸಾಕ್ಷಿಯ ಮಾತೇ ಇಲ್ಲ, ದೂರು, ಉತ್ತರ, ಪ್ರಮಾಣ, ನಿರ್ಣಯ ಎಂಬ ನಾಲ್ಕು ಪಾದಗಳ ವ್ಯವಹಾರ ಎರಡೇ ಪಾದಗಳಲ್ಲಿ ಮುಗಿಯುತ್ತದೆ. ಒಂದೇ ವಿವಾದದಲ್ಲಿ ಸಾಧಿಸುವ ಹೊಣೆ ಇಬ್ಬರ ಮೇಲೂ ಬೀಳಲಾರದು ಎಂಬುದು ಗಟ್ಟಿಯಾದ ನಿಯಮ. ಎರಡೂ ಕಡೆಯ ಸಾಕ್ಷಿಗಳನ್ನು ಎದುರುಬದುರು ನಿಲ್ಲಿಸಿ ಜಗಳ ಕಾಯಿಸುವ ದೃಶ್ಯ ಶಾಸ್ತ್ರಕ್ಕೆ ಹೊಂದದಿರುವುದು ಇದೇ ಕಾರಣಕ್ಕೆ.

ಜಾಣ ಪ್ರತಿವಾದಿ ಇಲ್ಲೊಂದು ಅಡ್ಡದಾರಿ ಹುಡುಕುತ್ತಾನೆ: ‘ನಾನು ತೆಗೆದುಕೊಂಡಿಲ್ಲ, ತೆಗೆದುಕೊಂಡಿದ್ದರೂ ಮರಳಿಸಿದ್ದೇನೆ.’ ಅದೇ ಹಣದ ಬಗ್ಗೆ ಹೀಗೆ ಎರಡು ಉತ್ತರ ಬೆರೆಸಿದರೆ ಹೊಣೆ ಇಬ್ಬರ ಮೇಲೂ ಬೀಳಬೇಕಾಗುತ್ತದೆ, ಅದು ಆಗದ ಮಾತು. ಆದ್ದರಿಂದ ಬೆರಕೆ ಉತ್ತರ ಉತ್ತರವೇ ಅಲ್ಲ. ನ್ಯಾಯಾಧೀಶನು ‘ಎರಡರಲ್ಲಿ ಒಂದನ್ನು ಹೇಳು’ ಎಂದು ಅಲ್ಲಿಯೇ ತಡೆಯಬೇಕು. ನಮ್ಮ ಯಜ್ಞದತ್ತನು ಎರಡನೆಯದನ್ನು ಆರಿಸಿಕೊಂಡನೆಂದು ಇಟ್ಟುಕೊಳ್ಳೋಣ. ಈಗ ಸಾಕ್ಷಿಗಳನ್ನು ಹೆಸರಿಸಬೇಕಾದವನು ಅವನೇ, ಅದೂ ಕೂಡಲೇ.

ಪ್ರಮಾಣ ಯಾವುದು?

ಲಿಖಿತ, ಅನುಭೋಗವೆಂಬ ಭುಕ್ತಿ, ಸಾಕ್ಷಿಗಳು ಎಂಬ ಮೂರು ಮನುಷ್ಯಪ್ರಮಾಣಗಳು ಇಲ್ಲದಿದ್ದಾಗ ಮಾತ್ರ ದಿವ್ಯ. ಮೇಲಾಗಿ ತಕ್ಕಡಿ, ಕಾದ ಕಬ್ಬಿಣ, ವಿಷಗಳಂಥ ದಿವ್ಯಗಳನ್ನು 1,000 ಪಣಕ್ಕಿಂತ ಕಡಿಮೆಯ ವಿವಾದದಲ್ಲಿ ಕೊಡಬಾರದೆಂದು ಸ್ಮೃತಿಯೇ ಹೇಳುತ್ತದೆ. ನೂರು ಪಣದ ನಮ್ಮ ದಾವೆಯಲ್ಲಿ ನಾಟಕದ ರಾಜನು ತನ್ನ ಕಬ್ಬಿಣವನ್ನು ಒಲೆಯಲ್ಲಿಯೇ ಬಿಡಬೇಕಾಗುತ್ತದೆ. ಸಾಲಪತ್ರ ಇದ್ದಿದ್ದರೆ ಕೆಲಸ ಸುಲಭವಾಗುತ್ತಿತ್ತು, ಏಕೆಂದರೆ ಕಂತು ತೀರಿಸಿದಾಗಲೆಲ್ಲ ಸಾಲಗಾರನು ಅದನ್ನು ಪತ್ರದ ಬೆನ್ನಿನ ಮೇಲೆ ಬರೆಯಬೇಕು ಮತ್ತು ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು ಎಂಬುದು ವಿಧಿ. ಪತ್ರವಿಲ್ಲದೆ ಸಾಕ್ಷಿಗಳ ಮುಂದೆ ಪಡೆದ ಸಾಲವನ್ನು ಸಾಕ್ಷಿಗಳ ಮುಂದೆಯೇ ತೀರಿಸಬೇಕು. ‘ನಂಬಿಕೆಯಿಂದ ಒಬ್ಬನೇ ಹೋಗಿ ಕೊಟ್ಟೆ’ ಎಂಬ ಮಾತು ಯಜ್ಞದತ್ತನ ಕೈ ಹಿಡಿಯುವುದಿಲ್ಲ.

ಸಾಕ್ಷಿಗಳನ್ನು ಜರಡಿ ಹಿಡಿಯುವುದು

ಯಜ್ಞದತ್ತನು ಆರು ಮಂದಿಯನ್ನು ಹೆಸರಿಸುತ್ತಾನೆ: ತನ್ನ ಆಪ್ತ ಗೆಳೆಯ, ಆ ಹಣದಲ್ಲಿ ಪಾಲಿದ್ದ ವ್ಯಾಪಾರದ ಜೊತೆಗಾರ, ಒಬ್ಬ ಅಕ್ಕಸಾಲಿಗ, ಒಬ್ಬ ಎಲೆ ಮಾರುವವ, ಇಬ್ಬರು ಒಕ್ಕಲಿಗರು. ಸಾಕ್ಷಿಗಳು ಕನಿಷ್ಠ ಮೂವರಿರಬೇಕು. ಒಬ್ಬನೇ ಸಾಕಾಗುವುದು ಅವನು ಧರ್ಮಜ್ಞನಾಗಿದ್ದು ಎರಡೂ ಕಡೆಯವರು ಅವನನ್ನು ಒಪ್ಪಿದಾಗ. ಆಪ್ತ, ವಿವಾದದ ಹಣದಲ್ಲಿ ಸಂಬಂಧವುಳ್ಳವನು, ಸಹಾಯಕ, ಶತ್ರು, ಕಳ್ಳ, ಜೂಜುಗಾರ, ಕುಡಿದವನು, ಹಿಂದೆ ಸುಳ್ಳು ಹೇಳಿ ಸಿಕ್ಕಿಬಿದ್ದವನು ಸಾಕ್ಷಿಗಳಾಗಲಾರರು. ಆದ್ದರಿಂದ ಗೆಳೆಯನೂ ಜೊತೆಗಾರನೂ ಬಿದ್ದುಹೋಗುತ್ತಾರೆ, ನಾಲ್ವರು ಉಳಿಯುತ್ತಾರೆ.

ಈ ನಿಷೇಧದ ಪಟ್ಟಿಯಲ್ಲಿ ಹೆಂಗಸರು, ಮುದುಕರು, ರಂಗದಲ್ಲಿ ವೇಷ ಕಟ್ಟುವವರು, ಅಂಗವಿಕಲರೂ ಇದ್ದಾರೆ. ಸಾಕ್ಷಿಗಳನ್ನು ಜಾತಿ ವರ್ಣಗಳಿಗೆ ತಕ್ಕಂತೆ ಆರಿಸಬೇಕೆಂಬ ಮಾತೂ ಇದೆ. ಇದನ್ನು ಮರೆಮಾಚಿ ಪ್ರಾಚೀನ ನ್ಯಾಯವನ್ನು ಕೊಂಡಾಡುವ ಬರಹಗಳು ನನಗೆ ಸೇರುವುದಿಲ್ಲ. ಹಾಗೆಯೇ ಪಟ್ಟಿಯನ್ನಷ್ಟೇ ಎತ್ತಿ ತೋರಿಸಿ, ಕಳವು, ಬೈಗುಳ ಹೊಡೆತಗಳ ಪಾರುಷ್ಯ, ಬಲಾತ್ಕಾರದ ಸಾಹಸ, ಪರಸ್ತ್ರೀ ಸಂಬಂಧದ ಸಂಗ್ರಹಣಗಳಲ್ಲಿ ಯಾರು ಬೇಕಾದರೂ ಸಾಕ್ಷಿಯಾಗಬಹುದೆಂಬ ಮುಂದಿನ ಮಾತನ್ನು ಬಿಟ್ಟುಬಿಡುವುದೂ ಸರಿಯಲ್ಲ. ಸಾಲಕ್ಕೆ ಸಾಕ್ಷಿಯನ್ನು ಮೊದಲೇ ಆರಿಸಿ ನಿಲ್ಲಿಸಿಕೊಳ್ಳಬಹುದು. ಕಳ್ಳನು ಬರುವಾಗ ಅಲ್ಲಿ ಇದ್ದವನೇ ಸಾಕ್ಷಿ.

ಸಾಕ್ಷಿಯ ದೋಷ ಹೇಳಬೇಕಾದವನು ದೇವದತ್ತ, ಅದೂ ಹೇಳಿಕೆಗೆ ಮೊದಲು. ಮಾತು ತನಗೆ ವಿರುದ್ಧವಾಗಿ ಬಂದ ಮೇಲೆ ‘ಅವನು ಜೂಜುಗಾರ’ ಎಂದು ಕೂಗಿದರೆ ನಡೆಯದು.

ಕೇಳುವುದು ಮತ್ತು ಅಳೆಯುವುದು

ರಾಜನು ಕ್ರೋಧ ಲೋಭಗಳನ್ನು ಬಿಟ್ಟು ವಿದ್ವಾಂಸರೊಂದಿಗೆ ಕೂರಬೇಕು. ಬೇರೆ ಕೆಲಸವಿದ್ದರೆ ತನ್ನ ಬದಲಿಗೆ ಒಬ್ಬ ಧರ್ಮಜ್ಞ ಬ್ರಾಹ್ಮಣನನ್ನು ನ್ಯಾಯಸಭೆಯ ಸದಸ್ಯರಾದ ಸಭ್ಯರ ಜೊತೆ ನೇಮಿಸಬೇಕು. ಇವನೇ ಪ್ರಾಡ್ವಿವಾಕ. ವಾದಿ ಪ್ರತಿವಾದಿಗಳನ್ನು ಪ್ರಶ್ನಿಸುವುದರಿಂದ ‘ಪ್ರಾಟ್’, ಅವರ ಮಾತಿನಲ್ಲಿ ಹೊಂದುವುದನ್ನೂ ಹೊಂದದ್ದನ್ನೂ ಸಭ್ಯರೊಂದಿಗೆ ವಿವೇಚಿಸುವುದರಿಂದ ‘ವಿವಾಕ’ ಎಂದು ಮಿತಾಕ್ಷರ ಆ ಹೆಸರನ್ನು ಬಿಡಿಸುತ್ತದೆ. ವಾದಿ ಪ್ರತಿವಾದಿಗಳಿಬ್ಬರೂ ಹತ್ತಿರ ಇರುವಾಗಲೇ ಸಾಕ್ಷಿಗೆ ಸುಳ್ಳಿನ ಪಾಪವನ್ನು ಹೇಳಿ ಎಚ್ಚರಿಸಬೇಕು. ಮನುವಿನ ಪ್ರಕಾರ ಬೆಳಗಿನ ಹೊತ್ತು ಸಾಕ್ಷಿಯನ್ನು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ನಿಲ್ಲಿಸಿ ಸಮಾಧಾನದ ಮಾತಿನಿಂದಲೇ ಕೇಳಬೇಕು, ಅವನು ಸಹಜವಾಗಿ ಹೇಳಿದ್ದನ್ನು ಮಾತ್ರ ತೆಗೆದುಕೊಳ್ಳಬೇಕು. ಗದರಿಸುವ ನ್ಯಾಯಾಧೀಶನ ಪಾತ್ರ ಬರೆಯುವವರು ಇದನ್ನು ಗಮನಿಸುವುದು ಒಳ್ಳೆಯದು.

ನಾಲ್ವರಲ್ಲಿ ಎಲೆ ಮಾರುವವನು ಮಾತನಾಡುವಾಗ ತುಟಿಯಂಚು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಬಾಯಿ ಒಣಗಿ ಮಾತು ತೊದಲುತ್ತದೆ, ನಿಂತಲ್ಲಿ ನಿಲ್ಲಲಾರದೆ ಅತ್ತಿತ್ತ ಸರಿಯುತ್ತಾನೆ. ಇವೆಲ್ಲ ದುಷ್ಟಸಾಕ್ಷಿಯ ಲಕ್ಷಣಗಳೆಂದು ಯಾಜ್ಞವಲ್ಕ್ಯನೇ ಹೆಸರಿಸಿದ್ದಾನೆ. ಅಣಕು ನ್ಯಾಯಾಲಯದಲ್ಲಿ ಇಷ್ಟು ಸಿಕ್ಕರೆ ವಿದ್ಯಾರ್ಥಿಗಳು ಗೆದ್ದೆವೆಂದು ಕೂತುಬಿಡುತ್ತಾರೆ. ಆದರೆ ವಿಜ್ಞಾನೇಶ್ವರ ಇಲ್ಲಿ ನ್ಯಾಯಾಧೀಶನ ಕೈ ಹಿಡಿದು ನಿಲ್ಲಿಸುತ್ತಾನೆ: ಇದು ದೋಷವಿರಬಹುದೆಂಬ ಸಂಭಾವನೆ ಮಾತ್ರ, ನಿಶ್ಚಯವಲ್ಲ, ಸ್ವಭಾವದಿಂದ ಬಂದ ವಿಕಾರ ಯಾವುದು, ಸುಳ್ಳಿನ ದೆಸೆಯಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಬೇರ್ಪಡಿಸಬಲ್ಲ ಚತುರನಿದ್ದರೂ ಅದರಿಂದಲೇ ಸೋಲು ಘೋಷಿಸಲಾಗದು, ಸಾಯುವ ಲಕ್ಷಣ ಕಂಡಿತೆಂದು ಯಾರೂ ಉತ್ತರಕ್ರಿಯೆ ಮಾಡುವುದಿಲ್ಲ ಎನ್ನುತ್ತಾನೆ. ಲಕ್ಷಣ ಕಂಡರೆ ಇನ್ನಷ್ಟು ಎಚ್ಚರದಿಂದ ಕೇಳಬೇಕು, ಅಷ್ಟೇ.

ಅಕ್ಕಸಾಲಿಗನೂ ಇಬ್ಬರು ಒಕ್ಕಲಿಗರೂ ನೂರು ಪಣ ಎಣಿಸಿಕೊಟ್ಟದ್ದನ್ನು ಕಂಡೆವೆನ್ನುತ್ತಾರೆ, ಎಲೆ ಮಾರುವವನು ಐವತ್ತೇ ಎನ್ನುತ್ತಾನೆ. ಹೇಳಿಕೆ ಒಡೆದಾಗ ಹೆಚ್ಚು ಮಂದಿಯ ಮಾತು, ಸಮವಾದರೆ ಗುಣವಂತರ ಮಾತು, ಅವರಲ್ಲಿಯೂ ಭೇದ ಬಂದರೆ ಅತ್ಯಂತ ಗುಣವಂತರ ಮಾತು ಗ್ರಾಹ್ಯ. ಮೊದಲ ಮೆಟ್ಟಿಲಲ್ಲಿಯೇ ಯಜ್ಞದತ್ತ ಗೆಲ್ಲುತ್ತಾನೆ. ಒಂದು ವೇಳೆ ಸಾಕ್ಷಿಯೊಬ್ಬನು ಗೊತ್ತಿದ್ದೂ ಬಾಯಿ ಬಿಡದೆ ಕೂತರೆ, 46ನೆಯ ದಿನ ಆ ಸಾಲವನ್ನೆಲ್ಲ ಹತ್ತನೆಯ ಒಂದು ಪಾಲು ಸೇರಿಸಿ ಅವನಿಂದಲೇ ಕೊಡಿಸಬೇಕು.

ದೇವದತ್ತನು ಇದೇ ಯಜ್ಞದತ್ತನಿಗೆ ಒಂದು ಎತ್ತನ್ನೂ ಕೊಟ್ಟಿದ್ದು, ದೂರಿನಲ್ಲಿ ಅದನ್ನು ಬರೆಸಿರಲಿಲ್ಲ ಎಂದುಕೊಳ್ಳೋಣ. ಅದು ನಿಜವೆಂದು ಪ್ರಾಡ್ವಿವಾಕನಿಗೆ ಮನವರಿಕೆಯಾದರೂ ಕೊಡಿಸುವಂತಿಲ್ಲ. ವಂಚನೆಯ ಮಾತನ್ನು ತಳ್ಳಿ ಸತ್ಯದ ಮೇಲೆ ತೀರ್ಪು ಕೊಡಬೇಕೆನ್ನುವ ಶ್ಲೋಕವೇ, ಸತ್ಯವಾದರೂ ಮಂಡಿಸದಿದ್ದದ್ದು ವ್ಯವಹಾರದಲ್ಲಿ ಸೋಲುತ್ತದೆ ಎಂದು ಅದರ ಎರಡನೆಯ ಸಾಲಿನಲ್ಲಿ ಹೇಳುತ್ತದೆ.

ತೀರ್ಪು ಮತ್ತು ದಂಡ

ಗೆದ್ದವನಿಗೆ ದೂರು, ಉತ್ತರ, ಪ್ರಮಾಣ, ನಿರ್ಣಯಗಳನ್ನು ಒಳಗೊಂಡ ಜಯಪತ್ರ ಕೊಡುತ್ತಾರೆ. ಸುಳ್ಳು ಹೇಳಿದ ಕೂಟಸಾಕ್ಷಿಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ವಿವಾದದ ಇಮ್ಮಡಿ ದಂಡ, ಬ್ರಾಹ್ಮಣನಾದರೆ ಗಡೀಪಾರು. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಶಾಸ್ತ್ರ ಮೀರಿ ತೀರ್ಪು ಹೇಳಿದ ಸಭ್ಯರಿಗೂ ಒಬ್ಬೊಬ್ಬರಿಗೆ ಅದೇ ಇಮ್ಮಡಿ. ‘ವಿವಾದದ ಇಮ್ಮಡಿ’ ಎಂದರೆ ನೂರು ಪಣಕ್ಕೆ ಇನ್ನೂರು ಎಂದು ಗೈಡುಗಳು ಲೆಕ್ಕ ಹಾಕಿಬಿಡುತ್ತವೆ. ಸಭ್ಯರ ದಂಡವನ್ನು ವಿವರಿಸುವಾಗಲೇ ಮಿತಾಕ್ಷರ ಇದನ್ನು ತಿದ್ದಿದೆ: ಇಮ್ಮಡಿ ಮಾಡಬೇಕಾದದ್ದು ಆ ವಿವಾದದಲ್ಲಿ ಸೋತವನಿಗೆ ಹೇಳಿರುವ ದಂಡವನ್ನು, ವಿವಾದಕ್ಕೆ ಗುರಿಯಾದ ವಸ್ತುವಿನ ಬೆಲೆಯನ್ನಲ್ಲ. ಬೆಲೆಯನ್ನೇ ಲೆಕ್ಕಕ್ಕೆ ಹಿಡಿದರೆ, ಪರಸ್ತ್ರೀ ಸಂಗ್ರಹಣದಂಥ ವಿವಾದದಲ್ಲಿ ಬೆಲೆ ಕಟ್ಟುವ ವಸ್ತುವೇ ಇಲ್ಲದ್ದರಿಂದ, ಲಂಚ ತಿಂದ ಸಭ್ಯನು ದಂಡವೇ ಇಲ್ಲದೆ ಮನೆಗೆ ಹೋಗುತ್ತಿದ್ದನು.